ಬೆಳ್ಳುಳ್ಳಿ ಇಲ್ಲದ ಹಿಂಡಿ

ಗಾಣಗಾಪುರದ ನಮ್ಮ ಓಣಿಯಲ್ಲಿ ಮಧ್ಯಾಹ್ನ ಯಾರು ಬಾಗಿಲಿಗೆ ಬಂದು ಜೋಳಿಗೆ ಒಡ್ಡಿದರೂ ಇಲ್ಲವೆನ್ನುವಂತಿಲ್ಲ. ಆ ಹೊತ್ತಿಗೆ ದತ್ತಾತ್ರೇಯನೇ ವೇಷ ಮರೆಸಿಕೊಂಡು ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಹೀಗಾಗಿ ಪುಣೆಯ ಬ್ಯಾಂಕ್ ಮ್ಯಾನೇಜರು, ಲಾಡ್ಜಿನಲ್ಲಿ ಎ.ಸಿ. ರೂಮು ಹಿಡಿದವರು, ಎಲ್ಲರೂ ಐದು ಮನೆ ಬೇಡಿ ಉಣ್ಣುತ್ತಾರೆ. ಇದಕ್ಕೆ ಮಧುಕರಿ ಎನ್ನುತ್ತಾರೆ. ದೇವರು ಯಾರೆಂದು ಗುರುತಿಸುವ ಉಸಾಬರಿ ಬೇಡವೆಂದು ನಾವು ಎಲ್ಲರಿಗೂ ಹಾಕುತ್ತೇವೆ. ನಮ್ಮೂರ ನಾಯಿಗಳು ದಪ್ಪಗಿರುವುದಕ್ಕೂ ಇದೇ ಕಾರಣ.

ನಮ್ಮ ಎದುರು ಮನೆಯ ಮಾಳಮ್ಮನ ವ್ಯಾಪಾರ ಶುರುವಾದದ್ದು ಈ ಜೋಳಿಗೆಯಿಂದಲೇ. ಅವಳ ಗಂಡ ಜಗದೇವ ಬಾಡಿಗೆಗೆ ಟಂಟಂ ಆಟೋ ಓಡಿಸುತ್ತಿದ್ದ. ಒಂದು ದಿನ ಎದೆ ಹಿಡಿದಂತಾಗುತ್ತದೆ ಎಂದು ತಾನೇ ಟಂಟಂ ಓಡಿಸಿಕೊಂಡು ದವಾಖಾನೆಗೆ ಹೋದ. ಬರುವಾಗ ಬೇರೆಯವರು ಓಡಿಸಿದರು. ತಿಥಿ ಮುಗಿದ ಮೇಲೂ ಮಾಳಮ್ಮ ಮಧುಕರಿ ನಿಲ್ಲಿಸಲಿಲ್ಲ. ಒಂದು ಜೋಳದ ರೊಟ್ಟಿ, ಅದರ ಮೇಲೆ ಒಂದು ಚಮಚ ಶೇಂಗಾ ಹಿಂಡಿ. ಹಿರೋಳ್ಳಿಯಲ್ಲಿರುವ ಅವಳ ತಾಯಿ ಗುರುಬಾಯಿ ಕಲಿಸಿದ ಚಟ್ನಿಪುಡಿ ಅದು. ತಿಂದವರು ಸಂಜೆ ತಿರುಗಿ ಬಂದು ಊರಿಗೆ ಒಯ್ಯಲು ಕೇಳತೊಡಗಿದರು. ಭಿಕ್ಷೆಗೆ ಹಾಕಿದ್ದನ್ನು ಮಾರುವುದು ಸರಿಯೇ ಎಂದು ಅವಳು ಒಂದು ವಾರ ಯೋಚಿಸಿದಳು. ಕೊನೆಗೆ ಮಧ್ಯಾಹ್ನ ಬಂದವರು ದೇವರು, ಸಂಜೆ ಬಂದವರು ಗಿರಾಕಿ ಎಂದು ತೀರ್ಮಾನಿಸಿದಳು.

ಆಮೇಲೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿಗೆ ಹೋಗಿ ಆಹಾರ ಇಲಾಖೆಯ ನೋಂದಣಿ ಮಾಡಿಸಿದಳು. ಪಾಕೀಟಿನ ಬಾಯಿ ಮುಚ್ಚುವ ಕೈಮಶೀನು ತಂದಳು. ಪಾಕೀಟಿನ ಮೇಲೆ ‘ಗುರುಬಾಯಿ ಶೇಂಗಾ ಹಿಂಡಿ’ ಎಂದು ತಾಯಿಯ ಹೆಸರೇ ಅಚ್ಚಾಯಿತು. ಲಾಡ್ಜಿನ ಕೆಳಗೆ ಪೂಜಾ ಸಾಮಾನಿನ ಅಂಗಡಿ ಇಟ್ಟಿರುವ ಅಮರನಾಥ ಪ್ರತಿ ವಾರ ಪಾಕೀಟು ಒಯ್ದು, ಮಾರಿದ್ದಕ್ಕೆ ತನ್ನ ಪಾಲು ಹಿಡಿದು ಉಳಿದದ್ದನ್ನು ಕೊಡುತ್ತಿದ್ದ. ಮನೆ ಬಾಡಿಗೆ, ಗ್ಯಾಸು, ಮಗಳು ಸೃಷ್ಟಿಯ ಕಾಲೇಜು ಎಲ್ಲವೂ ಅದರಲ್ಲೇ ನಡೆದವು. ಸಾಹುಕಾರ್ತಿ ಆಗಲಿಲ್ಲ, ಆದರೆ ಯಾರ ಮುಂದೂ ಕೈಚಾಚಲಿಲ್ಲ. ನಮ್ಮ ಓಣಿಯಲ್ಲಿ ಹೀಗೆ ಹೇಳಿಸಿಕೊಳ್ಳುವವರು ಕಡಿಮೆ. ನಾನೂ ಅವರಲ್ಲಿಲ್ಲ.

ಕೆಟ್ಟದ್ದು ಒಂದು ತೇಗಿನಿಂದ. ಸೊಲ್ಲಾಪುರದ ಕಡೆಯ ಒಬ್ಬ ಭಕ್ತರು ಏಳು ದಿನದ ಪಾರಾಯಣಕ್ಕೆ ಕೂತಿದ್ದರು. ಪಾರಾಯಣಕ್ಕೆ ಕೂತವರು ಉಳ್ಳಾಗಡ್ಡಿ, ಬೆಳ್ಳುಳ್ಳಿ ಮುಟ್ಟುವುದಿಲ್ಲ. ಐದನೆಯ ದಿನ ಮಾಳಮ್ಮನ ಬಾಗಿಲಲ್ಲಿ ಬೇಡಿ ಉಂಡು, ಹೋಗಿ ಓದಲು ಕೂತರು. ನಡುವೆ ತೇಗು ಬಂತು. ಪಕ್ಕದಲ್ಲಿ ಕೂತವರಿಗೂ ಗೊತ್ತಾಗುವಷ್ಟು ಬೆಳ್ಳುಳ್ಳಿ. ವ್ರತ ಕೆಟ್ಟಿತು, ಮೊದಲಿನಿಂದ ಓದಿ ಎಂದರು ಹಿರಿಯರು. ಭಕ್ತರು ರೂಮನ್ನು ಇನ್ನೊಂದು ವಾರ ಹಿಡಿಯಬೇಕಾಯಿತು. ಬೇಸರಪಡದವನು ಲಾಡ್ಜಿನ ಮಾಲೀಕನೊಬ್ಬನೇ.

ಅಮರನಾಥ ಮಾರದೆ ಉಳಿದ ಪಾಕೀಟುಗಳನ್ನು ಚೀಲದಲ್ಲಿ ಹಾಕಿಕೊಂಡು ಬಂದು ಮಾಳಮ್ಮನ ಕಟ್ಟೆಯ ಮೇಲಿಟ್ಟ.

“ಅಕ್ಕಾರ, ಬಂದವ್ರೆಲ್ಲಾ ಬಳ್ಳೊಳ್ಳಿ ಐತೇನು ಅಂತ ಕೇಳಾಕತ್ತಾರ್ರಿ. ಇಲ್ದಂಗ ಮಾಡಿ ಕೊಡ್ರಿ. ಆಗಂಗಿಲ್ಲ ಅಂದ್ರ ನಾ ಬ್ಯಾರೆ ಕಡಿಂದ ತರಸ್ತೇನಿ.”

“ಬಳ್ಳೊಳ್ಳಿ ತೆಗದ್ರ ಅದು ನಮ್ಮವ್ವನ ಹಿಂಡಿ ಹೆಂಗ ಆಗ್ತದೋ ಅಮರಪ್ಪ?”

“ಅದು ನನಗ ಗೊತ್ತಿಲ್ರಿ. ಬರೋ ವಾರ ಹುಣ್ಣಿವಿ ಅದ, ಮಂದಿ ಬರ್ತಾರ.”

ತಾಯಿಯ ಹೆಸರು ಉಳಿಸಿಕೊಂಡರೆ ವ್ಯಾಪಾರ ಹೋಗುತ್ತದೆ, ವ್ಯಾಪಾರ ಉಳಿಸಿಕೊಂಡರೆ ಹೆಸರಿಗೆ ಸುಳ್ಳಾಗುತ್ತದೆ. ಮಾಳಮ್ಮ ಆ ರಾತ್ರಿ ಉಣ್ಣಲಿಲ್ಲ. ಬೆಳಿಗ್ಗೆ ಎದ್ದು ಒರಳು ತೊಳೆದಳು.

ಅವಳ ಕೆಲಸ ನಾನು ಕಟ್ಟೆಯ ಮೇಲೆ ಕೂತು ನೋಡಿದ್ದೇನೆ, ನನಗೆ ಬೇರೆ ಕೆಲಸವೂ ಇರಲಿಲ್ಲ. ಶೇಂಗಾವನ್ನು ಸಣ್ಣ ಉರಿಯಲ್ಲಿ ಕೈಬಿಡದೆ ಹುರಿಯಬೇಕು. ಅವಸರ ಮಾಡಿದರೆ ಹೊರಗೆ ಕಪ್ಪು, ಒಳಗೆ ಹಸಿ. ಪೂರ್ತಿ ಆರಿದ ಮೇಲೆ ತಿಕ್ಕಿ, ಮೊರದಲ್ಲಿ ಕೇರಿ ಸಿಪ್ಪೆ ಹಾರಿಸಬೇಕು. ಉಪ್ಪನ್ನೂ ಹುರಿದು ಪಸೆ ತೆಗೆಯಬೇಕು. ಉಪ್ಪು, ಜೀರಿಗೆ, ಕೆಂಪು ಖಾರ, ಬೆಳ್ಳುಳ್ಳಿ ಮೊದಲು ಕುಟ್ಟಿ, ಶೇಂಗಾ ಕೊನೆಗೆ. ಅದನ್ನು ಹೆಚ್ಚು ಕುಟ್ಟಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತದೆ, ಬೇಗ ಕಮಟುತ್ತದೆ. ಮಿಕ್ಸಿಯಲ್ಲಿ ಬಿಟ್ಟೂಬಿಡದೆ ತಿರುಗಿಸಿದರೂ ಅದೇ ಗತಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಬೇಕು, ಬೆರಳು ತಾಗಿದರೆ ಒಡೆಯಬೇಕು. ಬಿಸಿ ಇದ್ದಾಗ ಪಾಕೀಟಿಗೆ ತುಂಬಿದರೆ ಒಳಗೆ ಬೆವೆತು ಬೂಸರು ಬರುತ್ತದೆ.

ಅಂದು ಬೆಳ್ಳುಳ್ಳಿ ಬಿಟ್ಟು ಎಲ್ಲವನ್ನೂ ಹೀಗೆಯೇ ಮಾಡಿದಳು. ರುಚಿ ನೋಡಲು ನನ್ನನ್ನು ಕರೆದಳು. ಹಳೆಯ ಗೋಣಿಚೀಲ ನೆಕ್ಕಿದಂತಿತ್ತು. ಇಂಗು ಹಾಕಿದಳು, ಇಂಗು ಹಾಕಿದ ಗೋಣಿಚೀಲವಾಯಿತು. ಖಾರ ಹೆಚ್ಚಿಸಿದಳು, ನನ್ನ ಮೂಗು ಸೋರಿತು, ವಾಸನೆ ಹೋಗಲಿಲ್ಲ. ಕೊನೆಗೆ ಚೀಲದಿಂದ ಒಂದು ಹಸಿ ಶೇಂಗಾ ತೆಗೆದು ಕಡಿದಳು. ಅರ್ಧ ಅಗಿದು ಉಗುಳಿದಳು. ನಂತರ ಅಫಜಲಪುರದ ಬಸ್ಸು ಹತ್ತಿದಳು.

ಅಲ್ಲಿ ಲಾಡ್ಲೆಸಾಬ ಅವಳಿಗೆ ಮೊದಲಿನಿಂದ ಶೇಂಗಾ ಕೊಡುತ್ತಿದ್ದವನು.

“ಇದು ಹ್ವಾದ ವರ್ಷದ ಮಾಲ ಅದೇನ್ರಿ?”

“ಹೌದ್ರಿ ಅಮ್ಮಾ. ನೀವ ಸಸ್ತಾದ್ದು ಕೊಡ್ರಿ ಅಂತಿದ್ರಿ. ಇಷ್ಟು ದಿನಾ ಒಯ್ದೀರಿ, ಒಮ್ಮೆನೂ ತಕರಾರ ಮಾಡಿಲ್ಲ.”

“ಹೊಸಾದು ತೋರಸ್ರಿ.”

ಅವನು ತೋರಿಸಿದ. ಮೂರು ಚೀಲದಲ್ಲಿ ಕೈಹಾಕಿ, ಒಂದೊಂದರಿಂದ ಕಾಳು ಕಡಿದು, ಸಿಹಿ ಇದ್ದ ಚೀಲವನ್ನು ಹಿಡಿದಳು. ಬೆಲೆ ಹೆಚ್ಚಿತ್ತು. ಲಾಡ್ಲೆಸಾಬ ಪೈಸೆ ಕಡಿಮೆ ಮಾಡಲಿಲ್ಲ, ಚಹಾ ಮಾತ್ರ ತರಿಸಿದ.

ಹೊಸ ಶೇಂಗಾದ ಹಿಂಡಿ ಚೆನ್ನಾಗಿಯೇ ಬಂತು. ನಾನು ನಾಲ್ಕು ರೊಟ್ಟಿ ತಿಂದೆ. ಆದರೆ ಮಾಳಮ್ಮ ಪಾಕೀಟು ಕಟ್ಟಲಿಲ್ಲ. ಒಂದು ಡಬ್ಬಿಯಲ್ಲಿ ತುಂಬಿಕೊಂಡು ಹಿರೋಳ್ಳಿಗೆ ಹೊರಟಳು. “ಅವ್ವ ಬ್ಯಾಡಂದ್ರ ಬ್ಯಾಡ. ಆಕಿ ಹೆಸರಿನ ಮ್ಯಾಲೆ ಸುಳ್ಳು ಮಾರಂಗಿಲ್ಲ” ಎಂದಳು. ಹಾಗಾದರೆ ಬಾಡಿಗೆ ಹೇಗೆ ಎಂದು ನಾನು ಕೇಳುವಷ್ಟರಲ್ಲಿ ಬಸ್ಸಿನ ಕಡೆ ನಡೆದಿದ್ದಳು.

ಅಲ್ಲಿ ನಡೆದದ್ದನ್ನು ಅವಳೇ ಹೇಳಿದ್ದು. ಗುರುಬಾಯಿಗೆ ಈಗ ಹಲ್ಲು ಕಡಿಮೆ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ, ಹಿಂಡಿ ಹಚ್ಚಿಕೊಂಡು ನಿಧಾನವಾಗಿ ತಿಂದಳು. ಒಂದು ಮುಗಿಸಿ ಇನ್ನೊಂದು ತೆಗೆದುಕೊಂಡಳು.

“ಇದು ನನ್ನ ಹಿಂಡಿ ಅಲ್ಲ ಬೇ” ಎಂದಳು.

ಮಾಳಮ್ಮ ಡಬ್ಬಿಯ ಮುಚ್ಚಳ ಹಾಕಿದಳು.

“ತಗಿ, ಯಾಕ ಮುಚ್ಚತಿ? ಇದು ಚಲೋ ಶೇಂಗಾದ್ದು.”

“ಬಳ್ಳೊಳ್ಳಿ ಹಾಕಿಲ್ಲ ಯವ್ವಾ.”

“ಚಲೋ ಶೇಂಗಾಕ್ಕ ಅಷ್ಟು ಬಳ್ಳೊಳ್ಳಿ ಯಾಕ ಬೇಕು? ನಮ್ಮ ಹೊಲದಾಗಿನ ಚಲೋ ಕಾಳೆಲ್ಲಾ ಬಜಾರಕ್ಕ ಹೋಗ್ತಿದ್ದುವು. ಮನ್ಯಾಗ ಉಳೀತಿದ್ದುದು ಹಳೀ ಕಾಳು, ಮುಗ್ಗಲ ಹಿಡದದ್ದು. ವಾಸನಿ ಗೊತ್ತಾಗಬಾರದಂತ ಬಳ್ಳೊಳ್ಳಿ ಹಾಕಿ ಕುಟ್ಟತಿದ್ದೆ. ನೀವು ಹುಡುಗ್ರು ಅವ್ವನ ಹಿಂಡಿ ಭಾಳ ಚಲೋ ಅಂತ ತಿಂತಿದ್ರಿ. ನಾ ಏನ್ ಹೇಳ್ಲಿ, ಸುಮ್ಮನಿದ್ದೆ.”

ಮಾಳಮ್ಮ ಮುಚ್ಚಳ ತೆಗೆದು ಡಬ್ಬಿಯನ್ನು ತಾಯಿಯ ಮುಂದೆ ಸರಿಸಿದಳು. ಆಮೇಲೆ ಕೇಳಿದಳು:

“ಹಂಗಾದ್ರ ಪಾಕೀಟಿನ ಮ್ಯಾಲಿನ ನಿನ್ನ ಹೆಸರು ತಗೀಲೇನವ್ವಾ?”

ಗುರುಬಾಯಿ ಬೆರಳಿಗೆ ಹತ್ತಿದ್ದ ಹಿಂಡಿಯನ್ನು ಪೂರ್ತಿ ನೆಕ್ಕಿದಳು.

“ಇರ್ಲಿ ಬಿಡು. ಒಮ್ಮೆಯಾದ್ರೂ ಹಿಂಗ ಮಾಡಿ ನಿಮಗ ತಿನ್ನಸಬೇಕಂತ ನನಗೂ ಭಾಳ ಆಸಿ ಇತ್ತು.”