ಡಬ್ಬದ ಹಿಂಬದಿ

ಮುದ್ರಣಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದುದು ಭೂತಗನ್ನಡಿ ಅಂತಲೇ. ಇಪ್ಪತ್ತೇಳು ವರ್ಷ ಕರಡು ತಿದ್ದಿದವಳು. ಪಾಠಪುಸ್ತಕವಾಗಲಿ, ಮದುವೆ ಕರೆಯೋಲೆಯಾಗಲಿ, ತಪ್ಪೊಂದು ಕಣ್ತಪ್ಪಿಸಿ ಹೋದರೆ ಅವಳಿಗೆ ಅವತ್ತು ಊಟ ರುಚಿಸುತ್ತಿರಲಿಲ್ಲ. ಐವತ್ತೆರಡರಲ್ಲಿ ಜ್ವರ ಬಂದು ತಿಂಗಳು ಮಲಗೆದ್ದ ಮೇಲೆ ಮೆಟ್ಟಿಲು ಹತ್ತಲು ಕಾಲು ನಡುಗತೊಡಗಿದವು. ಸ್ನಾಯು ಕರಗಿದೆ, ಭಾರ ಎತ್ತುವ ಅಭ್ಯಾಸ ಮಾಡಿ ಎಂದರು ಡಾಕ್ಟರು. ಹಾಗೆ ಅವಳು ಟೈರ್ ಅಂಗಡಿಯ ಮೇಲಿನ ಜಿಮ್ ಸೇರಿದಳು.

ತರಬೇತುದಾರ ಮೂವತ್ತು ದಾಟದ ಆಳು. ಕೆಟ್ಟವನಲ್ಲ. ಅವಳ ಕೈಗೆ ಮೊದಲ ದಿನ ಎರಡು ಕಿಲೋದ ಡಂಬೆಲ್ ಕೊಟ್ಟು, ಬೆನ್ನು ಬಾಗದಂತೆ ಪಕ್ಕದಲ್ಲೇ ನಿಂತಿದ್ದ. ಎರಡನೇ ವಾರ ಮಾತ್ರ ಕಪಾಟಿನಿಂದ ಕಪ್ಪು ಡಬ್ಬವೊಂದನ್ನು ಇಳಿಸಿ, ಪ್ರೋಟೀನ್ ಇಲ್ಲದೆ ಮಾಡುವ ಕಸರತ್ತೆಲ್ಲ ನೀರಲ್ಲಿ ಹೋಮ ಎಂದ. ಜೊತೆಗೆ ಸಂಜೆಗೊಂದು ಬಾರ್. ಎರಡಕ್ಕೂ ಸೇರಿ ಅವನು ಹೇಳಿದ ಬೆಲೆ ಅವಳ ತಿಂಗಳ ದಿನಸಿ ಖರ್ಚಿಗೆ ಹತ್ತಿರ ಹತ್ತಿರ ಬರುತ್ತಿತ್ತು. ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಓದಿ ಹೇಳ್ತೀನಿ ಎಂದು ಎರಡನ್ನೂ ಕಿಟಕಿಯ ಬೆಳಕಿಗೆ ಒಯ್ದಳು.

ಬಾರ್‌ನದು ಬೇಗ ಮುಗಿಯಿತು. ಅರವತ್ತು ಗ್ರಾಂನಲ್ಲಿ ಪ್ರೋಟೀನ್ ಹತ್ತು, ಸಕ್ಕರೆ ಇಪ್ಪತ್ತೆರಡು. ಅದು ಚಾಕೊಲೇಟೇ, ಅಂಗಿ ಮಾತ್ರ ಬೇರೆ. ಡಬ್ಬ ಅವಳನ್ನು ಹೆಚ್ಚು ಹೊತ್ತು ಹಿಡಿದಿಟ್ಟಿತು. ಒಂದು ಅಳತೆಗೆ ನಲವತ್ತು ಗ್ರಾಂ, ಅದರಲ್ಲಿ ಪ್ರೋಟೀನ್ ಇಪ್ಪತ್ತನಾಲ್ಕು ಎಂದಿತ್ತು. ಪಕ್ಕದ ಸಾಲಿನಲ್ಲಿ ನೂರು ಗ್ರಾಂಗೆ ಎಂಬತ್ತು. ಅವಳ ತುಟಿ ಲೆಕ್ಕ ಹಾಕುತ್ತ ಅಲುಗಿತು. ಆಮೇಲೆ ಪೆನ್ಸಿಲ್ ತೆಗೆದಳು.

"ಮಾಸ್ಟ್ರೇ, ಒಂಚೂರು ಬನ್ನಿ ಇಲ್ಲಿ. ನೂರಕ್ಕೆ ಎಂಬತ್ತಾದ್ರೆ ನಲವತ್ತಕ್ಕೆ ಮೂವತ್ತೆರಡು ಆಗ್ಬೇಕಲ್ವಾ? ಇಲ್ಲಿ ಇಪ್ಪತ್ನಾಲ್ಕು ಅಂತಿದೆ."

ಅಚ್ಚಿನ ತಪ್ಪಿರಬೇಕು ಅಂದ ಅವನು.

"ಇರ್ಬಹುದು. ಆದ್ರೆ ಇದನ್ನ ನೋಡಿ. ಯಾವುದು ಜಾಸ್ತಿ ಇದೆಯೋ ಅದನ್ನೇ ಪಟ್ಟಿಲಿ ಮೊದಲು ಬರೀತಾರೆ. ಇಲ್ಲಿ ಮೊದಲು ಇರೋದು ಮಾಲ್ಟೋಡೆಕ್ಸ್‌ಟ್ರಿನ್, ಅಂದ್ರೆ ಪಿಷ್ಟದ ಪುಡಿ. ಅದು ಪೂರ್ತಿ ಕಾರ್ಬೋಹೈಡ್ರೇಟೇ. ಮೇಲೆ ನೋಡಿದ್ರೆ ಕಾರ್ಬೋಹೈಡ್ರೇಟ್ ನಾಲ್ಕೇ ಗ್ರಾಂ ಅಂತಾರೆ. ಎರಡರಲ್ಲಿ ಒಂದು ಸುಳ್ಳು."

ಕ್ಯಾಲೊರಿಯನ್ನೂ ಕೂಡಿಸಿ ತೋರಿಸಿದಳು. ಪ್ರೋಟೀನಿಗೂ ಕಾರ್ಬೋಹೈಡ್ರೇಟಿಗೂ ಗ್ರಾಂಗೆ ನಾಲ್ಕರಂತೆ, ಎರಡು ಗ್ರಾಂ ಕೊಬ್ಬಿಗೆ ಒಂಬತ್ತರಂತೆ ಹಿಡಿದರೂ ನೂರಮೂವತ್ತು ದಾಟುತ್ತಿರಲಿಲ್ಲ. ಡಬ್ಬದ ಮೇಲಿದ್ದುದು ನೂರ ಅರವತ್ತು. ತರಬೇತುದಾರ ಡಬ್ಬ ಇಸಿದುಕೊಂಡು ಕಪಾಟಿಗೆ ಸೇರಿಸಿದ. ಉಳಿದ ಹೊತ್ತು ಅವಳ ಕಡೆ ತಿರುಗಿ ನೋಡಲಿಲ್ಲ. ಇವನ ಹೊಟ್ಟೆ ಮೇಲೆ ಹೊಡೆದೆನೇನೋ ಎಂದು ಅವಳಿಗೆ ಮನೆವರೆಗೂ ಮುಜುಗರ.

ಮನೆಯಲ್ಲಿ ನಾದಿನಿಯ ಜೊತೆ ಕೂತು ತನ್ನ ಊಟವನ್ನೇ ಕರಡಿನಂತೆ ತಿದ್ದಿದಳು. ತೂಕ ಐವತ್ತನಾಲ್ಕು ಕಿಲೋ. ಕಿಲೋಗೆ ಒಂದೂಕಾಲು ಗ್ರಾಂನಿಂದ ಒಂದೂವರೆವರೆಗೆ ಸಾಕು ಎಂದಿದ್ದರು ಡಾಕ್ಟರು. ದಿನಕ್ಕೆ ಎಪ್ಪತ್ತು ಎಂದಿಟ್ಟುಕೊಂಡಳು. ಈಗ ಸಿಗುತ್ತಿದ್ದುದು ನಲವತ್ತೈದರ ಆಸುಪಾಸು. ಎರಡು ಮೊಟ್ಟೆ, ಅರ್ಧ ಲೀಟರ್ ಹಾಲು ಹೆಚ್ಚಿಸಿದರೆ ಕೊರತೆ ತುಂಬಿ ಮೂರು ಗ್ರಾಂ ಮಿಗುತ್ತಿತ್ತು. ಗ್ರಾಂ ಪ್ರೋಟೀನಿಗೆ ಎಷ್ಟು ಬಿತ್ತು ಎಂದು ಭಾಗಿಸಿದರೆ ಬಾರ್ ಮೊಟ್ಟೆಯ ನಾಲ್ಕರಷ್ಟು ದುಬಾರಿ. "ಅಷ್ಟಕ್ಕೆ ಆ ಡಬ್ಬ ಯಾಕಮ್ಮ ಅತ್ತಿಗೆ?" ಎಂದಳು ನಾದಿನಿ.

ಅತ್ತಿಗೆ ಪುಡಿಯನ್ನು ಪೂರ್ತಿ ಕೈಬಿಡಲಿಲ್ಲ. ವಾರಕ್ಕೆ ಮೂರು ದಿನ ಜಿಮ್‌ನಿಂದ ನೇರ ಮುದ್ರಣಾಲಯಕ್ಕೆ ಓಡಬೇಕು, ಅಲ್ಲಿ ಮೊಟ್ಟೆ ಬೇಯಿಸುವವರಾರು? ಔಷಧದಂಗಡಿಯಲ್ಲಿ ನಾಲ್ಕು ಪೊಟ್ಟಣ ತಿರುಗಿಸಿ ನೋಡಿ, ಪದಾರ್ಥದ ಪಟ್ಟಿಯಲ್ಲಿ ಹಾಲಿನ ಪ್ರೋಟೀನ್ ಒಂದೇ ಇದ್ದ, ಪರಿಮಳವಿಲ್ಲದ ಅರ್ಧ ಕಿಲೋದ್ದನ್ನು ಆರಿಸಿದಳು. ಅಂಕಿ ಕೂಡಿಸಿದರೆ ತಾಳೆಯಾಯಿತು. ಮೂವತ್ತು ಗ್ರಾಂನ ಅಳತೆಗೆ ಐದು ವಾರ ಬರುತ್ತಿತ್ತು. ರುಚಿ ಮಾತ್ರ ಸುಣ್ಣದ ನೀರಿನ ಹಾಗೆ.

ನಾಲ್ಕು ದಿನ ಕಳೆದು ತರಬೇತುದಾರ ತಾನಾಗಿಯೇ ಬಂದ. ಕೈಯಲ್ಲಿ ಚೀಲ, ಚೀಲದಲ್ಲಿ ಅದೇ ಕಪ್ಪು ಡಬ್ಬ, ಅರ್ಧ ಖಾಲಿ.

"ಅಕ್ಕ, ಇದು ಮಾರೋಕಲ್ಲ. ಎರಡು ವರ್ಷದಿಂದ ನಾನೇ ಕುಡೀತಿರೋದು. ಅಮ್ಮಂಗೂ ಕೊಡ್ತಿದ್ದೆ." ಡಬ್ಬವನ್ನು ಅವಳ ಕೈಗಿಡುತ್ತ ಹೇಳಿದ, "ಅವರಿಗೆ ಶುಗರ್ ಇದೆ."

ಅವಳು ಡಬ್ಬ ತಿರುಗಿಸಿ ಓದಿದಳು. ಅವೇ ಅಂಕಿ. ಅಮ್ಮನ ರಕ್ತ ಪರೀಕ್ಷೆ ಮಾಡಿಸು, ಇದನ್ನು ನಿಲ್ಲಿಸಿದ್ದೀವಿ ಅಂತ ಡಾಕ್ಟರಿಗೂ ತಿಳಿಸು ಎಂದಳು. ನೀವು ಎನ್ನುತ್ತಿದ್ದವಳು ನೀನು ಎಂದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.

ಕಪಾಟಿನಲ್ಲಿದ್ದ ಡಬ್ಬಗಳನ್ನು ಅವನು ಸರಬರಾಜು ಮಾಡಿದವರಿಗೇ ಹಿಂದಿರುಗಿಸಿದ. ಅರ್ಧ ಹಣ ಬಂತು, ಇನ್ನರ್ಧ ಬರಲಿಲ್ಲ. ತಾಯಿಯ ಸಕ್ಕರೆ ಎರಡು ತಿಂಗಳಲ್ಲಿ ಒಂದಿಷ್ಟು ಇಳಿಯಿತು. ಪುಡಿ ಬಿಟ್ಟದ್ದಕ್ಕೋ, ಮಾತ್ರೆ ಬದಲಿಸಿದ್ದಕ್ಕೋ ಡಾಕ್ಟರು ಖಚಿತವಾಗಿ ಹೇಳಲಿಲ್ಲ. ಹೊಸಬರು ಈಗ ಪೊಟ್ಟಣ ಹಿಡಿದು ಬಂದರೆ ಅವನು ಅವಳ ಕಡೆ ಕೈ ತೋರಿಸುತ್ತಾನೆ. ಅವಳು ಸಂಬಳವಿಲ್ಲದ ಈ ಕೆಲಸವನ್ನು ಕಸರತ್ತಿನ ನಡುವಿನ ವಿರಾಮದಲ್ಲಿ ಮಾಡಿಕೊಡುತ್ತಾಳೆ, ಬೆವರು ಒರೆಸಿಕೊಳ್ಳುತ್ತ.