ಕಾಣದ ಕಲೆಗೆ ಕಟ್ಟಿದ ದಾರ

ಸಭಾಂಗಣದ ಮೇಲ್ವಿಚಾರಕಿ ಗಂಟನ್ನು ಕೌಂಟರಿನ ಮೇಲೆ ಇಡಲಿಲ್ಲ, ಎಸೆದಳು. ಹದಿನೆಂಟು ಬಿಳಿ ಮೇಜುಬಟ್ಟೆಗಳು. ಒಂದನ್ನು ಕೊಡವಿ ಬಿಚ್ಚಿದಾಗ ಲಾಂಡ್ರಿಯ ಮುಂಗೋಣೆಯಲ್ಲಿದ್ದ ಎಲ್ಲರಿಗೂ ಕಂಡಿತು: ಅಂಗೈಯಗಲದ ಕಂದು ಮಚ್ಚೆಗಳು.

"ಹತ್ತು ದಿನದ ಹಿಂದೆ ಕೊಟ್ರಿ. ಕಪಾಟಲ್ಲಿಟ್ಟಾಗ ಹಾಲಿನ ಹಾಗಿತ್ತು. ನಿನ್ನೆ ತೆಗೆದು ನೋಡಿದ್ರೆ ಹೀಗಿದೆ. ಸುಟ್ಟಿದೀರೋ, ಏನಾದ್ರೂ ಸುರಿದಿದೀರೋ ನನಗೆ ಬೇಡ. ನಾಳೆ ಬೆಳಿಗ್ಗೆ ಮದುವೆ ಊಟಕ್ಕೆ ಇವೇ ಬೇಕು."

ಲಾಂಡ್ರಿಯ ಯಜಮಾನರು ಮಾತಾಡುವ ಮೊದಲೇ ಇಸ್ತ್ರಿಯವನು ಒಳಗಿನಿಂದ ಬಂದು ಬಾಗಿಲಿಗೆ ಒರಗಿ ನಿಂತ. "ಇಸ್ತ್ರಿ ಸುಟ್ರೆ ಇಸ್ತ್ರಿ ಆಕಾರಕ್ಕೆ ಸುಡುತ್ತೆ, ಮೇಡಂ. ಇದು ಬಾಟ್ಲಿ ಕೆಲಸ. ನಮ್ಮತ್ತಿಗೆಯವರ ಮೇಜಿನ ಮೇಲೆ ಇಪ್ಪತ್ತು ಬಾಟ್ಲಿ ಇದಾವೆ. ಯಾವುದರದ್ದು ಅಂತ ಅವರನ್ನೇ ಕೇಳಿ."

ಅತ್ತಿಗೆಯವರು ಅನ್ನುವಲ್ಲಿ ಮರ್ಯಾದೆ ಇರಲಿಲ್ಲ. ಅವನು, ಕಿಟಕಿಯ ಬಳಿ ಕಲೆ ತೆಗೆಯುತ್ತ ಕೂತಿದ್ದ ಅವಳ ಗಂಡನ ತಮ್ಮ. ಹನ್ನೊಂದು ವರ್ಷದಿಂದ ಅವಳನ್ನು ಬಹುವಚನದಲ್ಲೇ ಕರೆಯುತ್ತಿದ್ದ, ಆ ಬಹುವಚನದಲ್ಲೇ ಚುಚ್ಚುತ್ತಿದ್ದ.

ಕಿಟಕಿಯ ಪಕ್ಕದ ಕಲೆ ತೆಗೆಯುವ ಮೇಜು ಮೊದಲು ಅವಳ ಗಂಡನದಾಗಿತ್ತು. ಅವನು ಮಾತು ಕಡಿಮೆಯವನು, ಆದರೆ ಮನೆಯಲ್ಲಿ ಹತ್ತಿ ಮತ್ತು ಪಾಲಿಯೆಸ್ಟರ್ ತುಂಡುಗಳ ಮೇಲೆ ಚಹಾ, ಕಾಫಿ, ದ್ರಾಕ್ಷಿ ರಸ ಚೆಲ್ಲಿ, ದಿನಾಂಕ ಬರೆದು ಹಗ್ಗಕ್ಕೆ ನೇತುಹಾಕುತ್ತಿದ್ದ. ನೆಂಟರು ಬಂದು ಇದೇನು ಅಂಗಡಿಯಾ ಅಂತ ನಗುತ್ತಿದ್ದರು. ಅವಳು ನಗದೆ ನೋಡಿದಳು. ಅಂದೇ ಬಿದ್ದ ಚಹಾ ತಣ್ಣೀರಿಗೇ ಅರ್ಧ ಬಿಡುತ್ತಿತ್ತು. ವಾರ ಕಳೆದದ್ದು ಗಾಳಿ ಸೇರಿ ಕಂದಾಗಿ, ಅದೇ ನೀರಿಗೆ ಅಲುಗಾಡುತ್ತಿರಲಿಲ್ಲ. ಪಾಲಿಯೆಸ್ಟರ್ ನೀರು ಕುಡಿಯದ ದಾರ, ಬಣ್ಣ ಮೇಲೇ ನಿಲ್ಲುತ್ತದೆ. ಹತ್ತಿ ಒಳಕ್ಕೆ ಎಳೆದುಕೊಳ್ಳುತ್ತದೆ. ಹಾಲು ಹಾಕಿದ ಕಾಫಿಯಾದರೆ ಮಾತ್ರ ಪಾಲಿಯೆಸ್ಟರಿಗೂ ಹಾಲಿನ ಜಿಡ್ಡು ಮೆತ್ತಿಕೊಳ್ಳುತ್ತದೆ. ಅಲ್ಲಿ ಮೊದಲು ತಣ್ಣೀರು, ಆಮೇಲೆ ಮಾರ್ಜಕ. ಬಿಸಿನೀರು ಮೊದಲೇ ಹೊಯ್ದರೆ ಹಾಲು ಅಲ್ಲೇ ಹೆಪ್ಪುಗಟ್ಟಿ ಕೂರುತ್ತದೆ.

ಹನ್ನೊಂದು ವರ್ಷದ ಹಿಂದೆ, ಗಂಡ ತೀರಿಕೊಂಡ ತಿಂಗಳು ಯಜಮಾನರು ಆ ಮೇಜಿಗೆ ಯಾರು ಅಂತ ಕೇಳಿದಾಗ ಮೈದುನ ಹೊಸ ಅಂಗಿ ತೊಟ್ಟು ಬಂದಿದ್ದ. ಯಜಮಾನರು ಇಬ್ಬರಿಗೂ ಕಾಫಿ ಬಿದ್ದ ಒಂದೊಂದು ಅಂಗಿ ಕೊಟ್ಟರು. ಅವನು ಬಾರ್ ಸೋಪು ಹಚ್ಚಿ ತಿಕ್ಕಿದ. ಅವಳು ಹಿಂಬದಿಯಿಂದ ತಣ್ಣೀರು ಹಾಯಿಸಿ, ಮಾರ್ಜಕದ ನೀರಿಗೆ ಒಂದು ಚಮಚ ಬಿಳಿ ವಿನೆಗರ್ ಬೆರೆಸಿ ಮೆಲ್ಲಗೆ ತಟ್ಟಿದಳು. ಅವನ ಅಂಗಿಯಲ್ಲಿ ಕಲೆ ಉಳಿಯಿತು. ಮೇಜು ಅವಳಿಗೆ ಬಂತು, ಇಸ್ತ್ರಿ ಅವನಿಗೆ. ಆ ದಿನ ಹತ್ತಿದ ಕಿಚ್ಚು ಇನ್ನೂ ಆರಿರಲಿಲ್ಲ.

"ಕೇಳಿಸ್ತಾ?" ಯಜಮಾನರು ಅವಳ ಮೇಜಿನ ಮುಂದೆ ಬಂದು ನಿಂತರು. "ಹದಿನೈದು ವರ್ಷದ ಗಿರಾಕಿ. ಈ ಕಂದು ನಿನ್ನ ಬಾಟ್ಲಿಯದ್ದಾದರೆ ಇವತ್ತೇ ಮೇಜು ಖಾಲಿ ಮಾಡು. ಅವನು ಕೂರ್ತಾನೆ."

ಮೈದುನ ಆಗಲೇ ಆ ಕುರ್ಚಿಯ ಬೆನ್ನು ಹಿಡಿದಿದ್ದ.

ಅವಳು ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಮಚ್ಚೆಗಳಿಗೆ ಅಂಚಿತ್ತು: ನಡುವೆ ತೆಳು, ಸುತ್ತ ಗಾಢ. ಒಂದು ಕಡೆ ಪೂರ್ತಿ ದುಂಡಗಿನ ಬಳೆ, ಪಕ್ಕದಲ್ಲಿ ಹನಿಗಳು ಸಿಡಿದ ಸಾಲು. ಮೂಗಿನ ಹತ್ತಿರ ತಂದು ಮೂಸಿ, ಉಗುರಿನಿಂದ ನೂಲು ಗೀರಿದಳು. ಸುಟ್ಟ ನೂಲು ಹುಡಿಯಾಗುತ್ತದೆ. ಇದು ಗಟ್ಟಿಯಾಗೇ ಇತ್ತು.

"ಆ ದಿನ ಏನು ಕುಡಿಯೋಕೆ ಕೊಟ್ಟಿದ್ರಿ, ಮೇಡಂ?"

"ನಮ್ಮಲ್ಲಿ ಬಿಳಿ ಮೇಜಿಗೆ ಬಣ್ಣದ್ದು ಕೊಡಲ್ಲ. ಸೇಬಿನ ರಸ. ಚೆಲ್ಲಿದ್ರೂ ಕಾಣಲ್ಲ."

"ಅದಕ್ಕೇ ಬರೀ ಇಸ್ತ್ರಿ ಅಂತ ಚೀಟಿ ಹಾಕಿ ಕಳಿಸಿದ್ರಿ."

"ಕೊಳೆ ಇಲ್ಲದ್ದಕ್ಕೆ ಒಗೆಯೋದು ಯಾಕೆ? ನನಗೇ ಪಾಠನಾ?"

ಅವಳು ಯಜಮಾನರ ಕಡೆ ತಿರುಗಿದಳು. "ಇದು ಬಾಟ್ಲಿಯದ್ದಲ್ಲ. ರಸ ಒಣಗಿದ್ರೆ ಕಾಣಲ್ಲ, ಅದರ ಸಕ್ಕರೆ, ಒಗರು ಬಟ್ಟೇಲೇ ಇರುತ್ತೆ. ಇಸ್ತ್ರಿ ಬಿಸಿಗೆ ಸಕ್ಕರೆ ಪಾಕದ ಹಾಗೆ ಕೆಂಪಾಗುತ್ತೆ. ಒಗರು ಗಾಳಿಗೆ ಸಿಕ್ಕಿ ದಿನದಿನಕ್ಕೂ ಕಂದಾಗುತ್ತೆ, ಕತ್ತರಿಸಿಟ್ಟ ಸೇಬಿನ ಹಾಗೇ. ಕೊಟ್ಟ ದಿನ ತೆಳು ಹಳದಿ, ಯಾರ ಕಣ್ಣಿಗೂ ಬೀಳಲ್ಲ. ಹತ್ತು ದಿನಕ್ಕೆ ಹೀಗೆ."

"ಕಥೆ," ಅಂದ ಮೈದುನ. "ಗೊತ್ತಿದ್ರೆ ನೀವೇ ತಡೀಬೇಕಿತ್ತಲ್ಲ, ಹೆಬ್ಬೆರಳಮ್ಮನವರೇ?"

ಹೆಬ್ಬೆರಳಮ್ಮ ಅಂತ ಅವಳಿಗೆ ಹೆಸರಿಟ್ಟವನೂ ಅವನೇ. ಬರೀ ಇಸ್ತ್ರಿ ಅಂತ ಬಂದ ಬಟ್ಟೆಯನ್ನೂ ಅವಳು ಇಂಚು ಇಂಚಾಗಿ ಹೆಬ್ಬೆರಳಿನಲ್ಲಿ ಸವರುತ್ತಿದ್ದಳು. ಕಾಣದ ರಸದ ಜಾಗ ತುಸು ಗಡುಸಾಗಿರುತ್ತದೆ, ಗಂಜಿ ಹಾಕಿದ ಹಾಗೆ. ಅಂಥ ಕಡೆ ನೀಲಿ ದಾರದ ಒಂದು ಹೊಲಿಗೆ ಹಾಕುತ್ತಿದ್ದಳು. ನೀಲಿ ದಾರ ಇದ್ದ ಬಟ್ಟೆ ಇಸ್ತ್ರಿಗೆ ಹೋಗಬಾರದು, ಮೊದಲು ನೀರಿಗೆ. ಆ ದಾರವನ್ನು ಕತ್ತರಿಸುವುದು ಕಲೆಯ ಮೇಜಿನವರು ಮಾತ್ರ. ಅವಳ ಗಂಡನ ಕಾಲದಿಂದ ಲಾಂಡ್ರಿಯ ನಿಯಮ ಅದು.

"ತಡೆದಿದ್ದೆ," ಅಂದಳು. "ಹದಿನೆಂಟಕ್ಕೂ ದಾರ ಹಾಕಿದ್ದೆ."

"ಎಲ್ಲಿ?" ಅವನು ಬಟ್ಟೆಯನ್ನು ಎತ್ತಿ ಎರಡೂ ಕಡೆ ತೋರಿಸಿದ. "ಯಜಮಾನ್ರೇ, ನೋಡಿ. ಒಂದೇ ಒಂದು ನೂಲಿದ್ರೆ ನಾನು ಇವತ್ತೇ ಊರು ಬಿಡ್ತೀನಿ."

ದಾರ ಇರಲಿಲ್ಲ. ಯಜಮಾನರ ಮುಖ ಗಂಟಾಯಿತು. ಮೇಲ್ವಿಚಾರಕಿ ಗಡಿಯಾರ ನೋಡಿದಳು.

ಅವಳು ವಾದಕ್ಕೆ ಇಳಿಯಲಿಲ್ಲ. ಬಾಗಿಲ ಬಳಿ ಇನ್ನೊಂದು ಕಟ್ಟಿತ್ತು. ಅದೇ ಸಭಾಂಗಣದ ನಿನ್ನೆ ಸಂಜೆಯ ಬಟ್ಟೆಗಳು, ಬರೀ ಇಸ್ತ್ರಿ ಚೀಟಿಯೊಂದಿಗೆ ಆಗಷ್ಟೇ ಬಂದದ್ದು. ಅದನ್ನು ಎಲ್ಲರ ಎದುರು ಬಿಚ್ಚಿ ಮೂರನೆಯ ಬಟ್ಟೆಯಲ್ಲಿ ಹೆಬ್ಬೆರಳು ನಿಲ್ಲಿಸಿದಳು. ನೋಡಿದವರಿಗೆ ಅಲ್ಲಿ ಏನೂ ಇರಲಿಲ್ಲ, ಬರೀ ಬಿಳಿ.

"ಇದಕ್ಕೆ ನನ್ನ ಬಾಟ್ಲಿ ಸೋಕಿಲ್ಲ. ನೀವೇ ನೋಡಿದ್ರಿ," ಅಂದಳು. ಬಟ್ಟೆಯನ್ನು ಮೈದುನನ ಕೈಗೆ ಕೊಟ್ಟಳು. "ಹತ್ತಿಯ ಬಿಸಿ ಇಟ್ಟು ಈ ಜಾಗ ಒತ್ತು. ಏನೂ ಬರದಿದ್ರೆ ಕುರ್ಚಿ ನಿನ್ನದು."

ಅವನು ಬಟ್ಟೆ ತಗೊಂಡ. ಇಸ್ತ್ರಿಯ ಹತ್ತಿರ ಹೋಗಲಿಲ್ಲ.

"ಒತ್ತೋ," ಅಂದರು ಯಜಮಾನರು.

"ಇಸ್ತ್ರಿ ಕಾದಿಲ್ಲ."

ಹಬೆ ಬುಸುಗುಡುತ್ತಿತ್ತು. ಯಜಮಾನರು ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ತಾವೇ ಹಾಸಿ ಇಸ್ತ್ರಿ ಊರಿದರು. ಎತ್ತಿದರು, ಮತ್ತೆ ಊರಿದರು. ಮೂರನೆಯ ಸಲ ಎತ್ತಿದಾಗ ಬಿಳಿಯ ನಡುವೆ ಲೋಟದ ತಳದಷ್ಟು ಬಳೆಯೊಂದು ತೆಳು ಕಂದಾಗಿ ಎದ್ದಿತ್ತು, ಪಕ್ಕದಲ್ಲಿ ನಾಲ್ಕು ಹನಿ. ಸುತ್ತಲಿನ ಬಟ್ಟೆ ಬೆಳ್ಳಗೇ ಇತ್ತು.

"ನಮ್ಮ ಲೋಟ," ಅಂದಳು ಮೇಲ್ವಿಚಾರಕಿ. ಅಷ್ಟೇ ಅಂದಳು.

ಯಜಮಾನರು ಇಸ್ತ್ರಿ ನಿಲ್ಲಿಸಿದರು. "ಒತ್ತೋಕೆ ಯಾಕೋ ಹೆದರಿದೆ? ನಿನಗೆ ಗೊತ್ತಿತ್ತು ಅಂತಾಯ್ತು."

ಮೈದುನನ ಕುತ್ತಿಗೆ ಕೆಂಪೇರಿತು. "ಗೊತ್ತಿತ್ತು. ಅಣ್ಣ ಹೇಳಿದ್ದ. ಏನೀಗ? ದಿನಾ ಕಾಣದ ಕಲೆಗೆ ದಾರ ಹಾಕಿ ನನ್ನ ಕಟ್ಟು ವಾಪಸ್ ಕಳಿಸ್ತಾಳೆ. ನನ್ನ ಕೆಲಸ ನಿಲ್ಲಿಸೋಕೆ ಇವಳಿಗೆ ಒಂದು ದಾರ ಸಾಕು! ಆ ದಿನ ಇವಳು ಮನೆಗೆ ಹೋದ್ಮೇಲೆ ಹದಿನೆಂಟೂ ದಾರ ಕಿತ್ತೆ, ಹದಿನೆಂಟೂ ಇಸ್ತ್ರಿ ಮಾಡ್ದೆ. ಕಪಾಟಲ್ಲಿ ಸಾಯ್ಲಿ ಅಂದ್ಕೊಂಡೆ."

"ಅಣ್ಣ ಎದುರಿಗಿದ್ದಿದ್ರೆ ಹೀಗೆ ಹೇಳ್ತಿದ್ಯಾ?" ಅಂದಳು ಅವಳು.

"ಅಣ್ಣ ಇದ್ದಿದ್ರೆ ನೀನು ಇಲ್ಲಿ ಕೂರ್ತಿರ್ಲಿಲ್ಲ."

ಬಹುವಚನ ಹೋಗಿತ್ತು. ಹನ್ನೊಂದು ವರ್ಷದಲ್ಲಿ ಅವನು ಆಡಿದ ಮೊದಲ ನೇರ ಮಾತು ಅದು. ಅವಳಿಗೆ ಅದರಿಂದ ನೋವಿಗಿಂತ ಒಂದು ಬಗೆಯ ನಿರಾಳವೇ ಆಯಿತು.

ಮೇಜು ಉಳಿಯಿತು, ಆದರೆ ಬಟ್ಟೆಗಳು ಉಳಿದವೇ ಅನ್ನುವುದು ಬಾಕಿ ಇತ್ತು. ಅವಳು ಹದಿನೆಂಟನ್ನೂ ತಣ್ಣೀರಲ್ಲಿ ಹಿಂಬದಿಯಿಂದ ತೊಳೆದು, ವಿನೆಗರ್ ಬೆರೆಸಿದ ಮಾರ್ಜಕದಿಂದ ತಟ್ಟಿದಳು. ಅವುಗಳಲ್ಲಿ ಪಾಲಿಯೆಸ್ಟರಿನ ನಾಲ್ಕು ಬಟ್ಟೆಗಳಿಗೆ ಇಸ್ತ್ರಿಯ ಬಿಸಿಯೂ ಕಡಿಮೆ ಬಿದ್ದಿತ್ತು. ಅವು ಬೇಗ ಬಿಟ್ಟವು. ಹತ್ತಿಯವು ಜಗ್ಗಲಿಲ್ಲ. ಅವನ್ನು ಚೆನ್ನಾಗಿ ಜಾಲಿಸಿ, ಬಿಸಿನೀರಿಗೆ ಆಮ್ಲಜನಕ ಬಿಡುವ ಬ್ಲೀಚ್ ಪುಡಿ ಕರಗಿಸಿದ ಪ್ಲಾಸ್ಟಿಕ್ ತೊಟ್ಟಿಯಲ್ಲಿ ಮುಳುಗಿಸಿದಳು. ತುಕ್ಕು ಹಿಡಿದ ಕಬ್ಬಿಣದ ತೊಟ್ಟಿ ಹತ್ತಿರವೇ ಖಾಲಿ ಇತ್ತು. ಒಗರಿಗೆ ಕಬ್ಬಿಣ ಸೇರಿದರೆ ಕಂದು ಹೋಗಿ ಶಾಯಿಯಂಥ ಕಪ್ಪು ಕೂರುತ್ತದೆ ಎಂದು ಅದನ್ನು ಮುಟ್ಟಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಕಂದು ಹಳದಿಯಾಯಿತು, ನಾಲ್ಕು ಗಂಟೆಗೆ ಹಳದಿಯೂ ಕರಗಿತು. ಎರಡರಲ್ಲಿ ಮಾತ್ರ ಕರಗಲಿಲ್ಲ. ಅವೆರಡೂ ಕೈಗೆ ಬೇರೆಯೇ ಅನ್ನಿಸಿದವು, ನುಣುಪಾಗಿ.

"ಇವಕ್ಕೆ ಸೋಪು ಹಚ್ಚಿದ್ಯಾ?" ಅಂತ ಕೇಳಿದಳು.

ಮೈದುನ ಇಸ್ತ್ರಿಯಿಂದ ತಲೆ ಎತ್ತದೆ ಅಂದ: "ಒತ್ತುವಾಗಲೇ ಕಂದು ಎದ್ದಿತ್ತು. ಬಾರ್ ಸೋಪು, ಸೋಡಾ ಹಾಕಿ ತಿಕ್ಕಿದೆ. ಇನ್ನೂ ಕಪ್ಪಾಯ್ತು, ಮಡಿಕೆಯೊಳಗೆ ಮುಚ್ಚಿ ಕಳಿಸ್ದೆ."

"ಆಗದೆ ಇನ್ನೇನು? ಆ ಒಗರನ್ನ ಸೋಪು ಕಚ್ಚಿ ಹಿಡಿಯುತ್ತೆ, ಸೋಡಾ ಬಣ್ಣ ಏರಿಸುತ್ತೆ. ಹನ್ನೊಂದು ವರ್ಷದ ಹಿಂದೆ ಅಂಗಿ ಕೆಡಿಸಿದ್ದೂ ಹೀಗೇ. ಕಲ್ಲಾದ್ರೂ ಇಷ್ಟು ಹೊತ್ತಿಗೆ ಕಲೀತಿತ್ತು."

"ನೀನು ಕಲಿಸಿದ್ಯಾ?"

"ನೀನು ಕೇಳಿದ್ಯಾ?"

ಸಂಜೆ ಮೇಲ್ವಿಚಾರಕಿ ಬಂದಾಗ ಅವಳು ಹದಿನಾರನ್ನು ಒಂದು ಕಡೆ, ಎರಡನ್ನು ಇನ್ನೊಂದು ಕಡೆ ಇಟ್ಟಳು. ಯಜಮಾನರು ಕಣ್ಸನ್ನೆ ಮಾಡಿದರು, ನಡುವೆ ಮಡಿಚಿಡು ಎಂದು. ಅವಳು ನೋಡಿಯೂ ನೋಡದವಳಂತೆ ಎರಡನ್ನೂ ಬಿಚ್ಚಿ ಹಾಸಿದಳು. "ಇವೆರಡರಲ್ಲಿ ನೆರಳು ಉಳಿದಿದೆ. ಇನ್ನೊಂದು ರಾತ್ರಿ ನೆನೆಸಿದ್ರೆ ಹೋಗಬಹುದು, ಹೋಗದೇನೂ ಇರಬಹುದು. ಮಾತು ಕೊಡಲ್ಲ. ಇನ್ನು ಮೇಲೆ ಚೀಟಿ ಬರೆಯುವಾಗ ಏನು ಚೆಲ್ಲಿತ್ತು ಅಂತ ಬರೀರಿ. ಕಾಣದೇ ಇದ್ರೂ ಬರೀರಿ."

"ಹದಿನಾರು ಸಾಕು," ಅಂದಳು ಮೇಲ್ವಿಚಾರಕಿ. ಥ್ಯಾಂಕ್ಸ್ ಹೇಳಲಿಲ್ಲ. ಚೀಟಿಯ ಮಾತಿಗೆ ಹೂಂ ಅನ್ನಲೂ ಇಲ್ಲ, ಆದರೆ ಬಿಟ್ಟುಹೋದ ಎರಡು ಬಟ್ಟೆಗಳ ಚೀಟಿಯ ಮೇಲೆ ಸೇಬಿನ ರಸ ಎಂದು ಬರೆದು ಹೋದಳು.

ಮೇಲ್ವಿಚಾರಕಿ ಹೋದ ಮೇಲೆ ಯಜಮಾನರು ಮೈದುನನನ್ನು ತೆಗೆದುಹಾಕಲೇ ಅಂತ ಕೇಳಿದರು, ಅವನ ಎದುರಿಗೇ.

ಅವಳು ಕೈ ಒರೆಸಿಕೊಂಡು ಯೋಚಿಸಿದಳು. ಮಡಿಕೆ ಕೂರಿಸುವುದರಲ್ಲಿ ಅವನ ಸಮ ಇನ್ನೊಬ್ಬನಿಲ್ಲ. ಅದನ್ನು ಅವಳು ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. "ಇರ್ಲಿ. ಆದರೆ ಒಂದೊಂದು ಕಟ್ಟನ್ನೂ ಅವನೇ ಹೊತ್ತು ತಂದು, ನನ್ನ ಮುಂದೆ ನಿಂತು, ಇಸ್ತ್ರಿ ಮಾಡಲಾ ಅಂತ ಕೇಳ್ಬೇಕು. ನಾನು ಹೂಂ ಅಂದಮೇಲೇ ಒತ್ತಬೇಕು."

"ಸತ್ರೂ ಕೇಳಲ್ಲ," ಅಂದ ಅವನು.

ಮಾರನೆಯ ಬೆಳಿಗ್ಗೆ ಒಂಬತ್ತಕ್ಕೆ ಕಟ್ಟು ಹೊತ್ತು ಬಂದು ಮೇಜಿನ ಮುಂದೆ ನಿಂತ. ಗೋಡೆ ನೋಡುತ್ತ ಕೇಳಿದ. ಕಟ್ಟು ಅವನ ತೋಳಲ್ಲಿರುವಂತೆಯೇ ಅವಳು ಮೊದಲ ಬಟ್ಟೆಯಿಂದ ಕೊನೆಯ ಬಟ್ಟೆಯವರೆಗೆ ಹೆಬ್ಬೆರಳು ಎಳೆದಳು. ಎಲ್ಲವೂ ಶುದ್ಧವಾಗಿದ್ದವು. ಆದರೂ ಕಟ್ಟಿನ ಭಾರಕ್ಕೆ ಅವನ ತೋಳು ನಡುಗುವವರೆಗೆ ಕಾದು, ಆಮೇಲೆ ಹೂಂ ಅಂದಳು.