ರಾಚಯ್ಯ ಸರ್ ಅವರ ನೋಟ್‌ಬುಕ್ಕಿನ ‘ಕೆ’

ರಾಚಯ್ಯ ಸರ್ ಬಾಗಲಕೋಟೆ ನವನಗರದ ಒಂದು ಬಿಸಿಎ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಸಿ ಭಾಷೆಯ ಪ್ರೋಗ್ರಾಮ್ ಕಲಿಸುತ್ತಿದ್ದರು. ಕಲಿಸುತ್ತಿದ್ದರು ಎನ್ನುವುದಕ್ಕಿಂತ ಬರೆಸುತ್ತಿದ್ದರು ಎಂದರೆ ಸತ್ಯಕ್ಕೆ ಹತ್ತಿರ. ತಾವು ಬಾದಾಮಿಯಲ್ಲಿ ಓದುವಾಗ ಬರೆದುಕೊಂಡ ಕೆಂಪು ರಟ್ಟಿನ ನೋಟ್‌ಬುಕ್ ಒಂದಿತ್ತು. ಅದರಲ್ಲಿದ್ದದ್ದು ಬೋರ್ಡಿಗೆ ಬರುತ್ತಿತ್ತು, ಬೋರ್ಡಿನಲ್ಲಿದ್ದದ್ದು ಹುಡುಗರ ಜರ್ನಲ್ಲಿಗೆ ಹೋಗುತ್ತಿತ್ತು. ನಡುವೆ ಯಾರ ತಲೆಗೂ ತೊಂದರೆ ಕೊಟ್ಟಿದ್ದಿಲ್ಲ.

ಆ ನೋಟ್‌ಬುಕ್ಕಿನಲ್ಲಿ ಅಂಕಿಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸುವ ಪ್ರೋಗ್ರಾಮ್ ಒಂದಿತ್ತು. ಪಕ್ಕಪಕ್ಕದ ಎರಡು ಅಂಕಿ ನೋಡು, ದೊಡ್ಡದು ಮುಂದಿದ್ದರೆ ಅದಲು ಬದಲು ಮಾಡು, ಹೀಗೆ ಸುತ್ತಿನ ಮೇಲೆ ಸುತ್ತು. ಪ್ರತಿ ಸುತ್ತಿನ ಮೊದಲಲ್ಲಿ ‘ಕೆ’ ಎಂಬುದಕ್ಕೆ ಸೊನ್ನೆ ಕೊಡುವ ಒಂದು ಸಾಲಿತ್ತು. ಆ ಕೆ ಮುಂದೆ ಎಲ್ಲಿಯೂ ಬರುವುದಿಲ್ಲ. ಕೊಟ್ಟ ಬೆಲೆಯನ್ನು ಎಲ್ಲೂ ಬಳಸಿಲ್ಲವೆಂದು ಕಂಪ್ಯೂಟರ್ ಪ್ರತಿ ವರ್ಷ ಎಚ್ಚರಿಸುತ್ತಿತ್ತು. “ಅದು ಬರೇ ವಾರ್ನಿಂಗು, ಎರರ್ ಅಲ್ಲ. ಮುಂದ ಹೋಗ್ರಿ” ಎಂದು ಸರ್ ಪ್ರತಿ ವರ್ಷ ಹೇಳುತ್ತಿದ್ದರು.

ಹೀಗಿರುವಾಗ ಪ್ರಿನ್ಸಿಪಾಲ್ ಹನಮಂತಪ್ಪನವರು ಒಂದು ತಂತ್ರಾಂಶ ತರಿಸಿದರು. ಬರಹ ಮನುಷ್ಯನದೋ ಎಐ ಯಂತ್ರದ್ದೋ ಎಂದು ಅದು ಶೇಕಡಾ ಲೆಕ್ಕದಲ್ಲಿ ಹೇಳುತ್ತದಂತೆ. ಮೊದಲು ಇಂಗ್ಲಿಷ್ ಕಲಿಸುವ ಸುನಂದಾ ಮೇಡಂ ಹುಡುಗರಿಂದ ಬರೆಸಿದ್ದ ಪ್ರಬಂಧಗಳನ್ನು ಅದಕ್ಕೆ ಉಣಿಸಿದರು. ‘ನನ್ನ ಊರು’ ಎಂಬ ಪ್ರಬಂಧದಲ್ಲಿ ಬಯಲುಸೀಮೆಯ ಹುನಗುಂದಕ್ಕೆ ಸಮುದ್ರದ ತಂಗಾಳಿ ಬೀಸಿಸಿದ್ದ ಒಬ್ಬ ಸಿಕ್ಕಿಬಿದ್ದ. ಕೇಳಿದ್ದಕ್ಕೆ ಒಪ್ಪಿಕೊಂಡ. ಆ ಒಂದು ಬೇಟೆ ಸಾಕಾಯಿತು. ಇತಿಹಾಸದ ಮೇಷ್ಟ್ರಾದ ಹನಮಂತಪ್ಪನವರಿಗೆ ಆ ತಂತ್ರಾಂಶ ಶಾಸನದಷ್ಟೇ ಖಾತ್ರಿಯಾಯಿತು. ಕಾಲೇಜಿನ ಸಕಲ ಅಸೈನ್‌ಮೆಂಟುಗಳನ್ನೂ ಅದರಲ್ಲಿ ಹಾಕಿಸಿದರು.

ರಾಚಯ್ಯ ಸರ್ ತರಗತಿಯ ನಲವತ್ತೊಂದು ಮಂದಿಯಲ್ಲಿ ನಲವತ್ತು ಮಂದಿ ಯಂತ್ರದವರೆಂದು ಬಂತು.

“ನಲವತ್ತು ಮಂದಿಗೆ ಸೊನ್ನಿ ಕೊಟ್ರ ಪಾಲಕರು ನನ್ನ ಖುರ್ಚಿ ಹೊತ್ಕೊಂಡು ಹೋಗ್ತಾರ್ರಿ” ಎಂದರು ಹನಮಂತಪ್ಪ. “ಎಲ್ಲಾರಕಿಂತ ಮ್ಯಾಲ ಇದ್ದಾಕಿ ಒಬ್ಬಾಕಿಗೆ ಇಂಟರ್ನಲ್ ಮಾರ್ಕ್ಸು ಸೊನ್ನಿ ಹಾಕ್ರಿ. ಉಳದಾವ್ರು ಹೆದರ್ತಾರ. ನಾಳಿ ಸಹಿ ಮಾಡಿ ತರ್ರಿ.”

ತಂತ್ರಾಂಶದ ಲೆಕ್ಕದಲ್ಲಿ ಎಲ್ಲರಿಗಿಂತ ಮೇಲೆ ಇದ್ದವಳು ಖುಶನುಮಾ, ಶೇಕಡಾ ತೊಂಬತ್ತೆಂಟು ಯಂತ್ರ. ಇಳಕಲ್ಲಿನಿಂದ ಹುನಗುಂದ ದಾಟಿ ದಿನಾ ಬಸ್ಸಿನಲ್ಲಿ ಬರುವ ಹುಡುಗಿ. ಇಂಟರ್ನಲ್ ಸೊನ್ನೆಯಾದರೆ ಪರೀಕ್ಷೆಗೆ ಕೂರುವಂತಿಲ್ಲ, ವರ್ಷವೇ ಹೋದ ಹಾಗೆ. ಅವಳು ಲ್ಯಾಬಿನಲ್ಲಿ ಕೂತು ತುಟಿ ಕಚ್ಚಿಕೊಂಡು ಬರೆದದ್ದನ್ನು ರಾಚಯ್ಯ ಸರ್ ಕಣ್ಣಾರೆ ನೋಡಿದ್ದರು.

ಅತಿ ಕಡಿಮೆ, ಹನ್ನೆರಡು ಬಂದು ಪಾರಾದ ಒಬ್ಬನೇ ಒಬ್ಬ ಚೊಳಚಗುಡ್ಡದ ವಿಜಯಮಹಾಂತೇಶ. ಅವನ ಪ್ರೋಗ್ರಾಮಿನ ನಡುನಡುವೆ ಓದುವವರಿಗಾಗಿ ಬರೆಯುವ ಟಿಪ್ಪಣಿಗಳಿದ್ದವು. ಕಂಪ್ಯೂಟರ್ ಆ ಟಿಪ್ಪಣಿಗಳನ್ನು ಬಿಟ್ಟು ಮುಂದೆ ಹೋಗುತ್ತದೆ. ಅವು ಹೀಗಿದ್ದವು: ‘ಇಲ್ಲಿ ಇಬ್ರೂ ಮಾರಿ ನೋಡ್ಕೊಂತಾರ. ದೊಡ್ಡಾಂವ ಹಿಂದ ಸರೀಬೇಕು, ಇಲ್ಲಾಂದ್ರ ಜಗಳ.’ ಇದನ್ನು ಓದಿ ಸರ್ ನಕ್ಕರು. ನಕ್ಕ ಮೇಲೆ ಅನುಮಾನ ಬಂತು. ಇವನ ಪ್ರೋಗ್ರಾಮಿನಲ್ಲಿ ಕೆ ಇರಲಿಲ್ಲ! ಅಂದರೆ ಅದು ಬೋರ್ಡಿನಿಂದ ಬಂದದ್ದಲ್ಲ.

ಆ ಟಿಪ್ಪಣಿಗಳನ್ನಷ್ಟೇ ತೆಗೆದು ಮತ್ತೆ ತಂತ್ರಾಂಶಕ್ಕೆ ಹಾಕಿದರು. ಹನ್ನೆರಡು ಇದ್ದದ್ದು ತೊಂಬತ್ತಾರಕ್ಕೆ ಜಿಗಿಯಿತು. ಆಮೇಲೆ ತಮ್ಮ ಕೆಂಪು ನೋಟ್‌ಬುಕ್ಕಿನ ಪ್ರೋಗ್ರಾಮನ್ನೇ ಹಾಕಿದರು. ತೊಂಬತ್ತೊಂಬತ್ತು. ಎಐ ಎಂಬ ಹೆಸರನ್ನೂ ಬಾದಾಮಿ ಕೇಳಿರದ ಕಾಲದ ಬರಹ ಅದು.

ಎರಡರ ಫಲಿತಾಂಶದ ಕಾಗದ ಹಿಡಿದು ಪ್ರಿನ್ಸಿಪಾಲರ ಬಳಿ ಓಡಿದರು.

“ಅಂದ್ರ ನೀವು ಆವಾಗಿಂದ್ಲೂ ಯಂತ್ರಾ ಬಳಸ್ತಿದ್ರಿ?” ಎಂದರು ಹನಮಂತಪ್ಪ.

“ಸರ್, ಸ್ವಲ್ಪ ಕೇಳ್ರಿ” ಎಂದು ರಾಚಯ್ಯ ಸರ್ ಖುರ್ಚಿ ಎಳೆದುಕೊಂಡರು. “ಒಂದು ಶಬ್ದ ಆದ ಮ್ಯಾಲ ಮುಂದಿನ ಶಬ್ದ ಯಾವುದು ಬರ್ತೈತಿ ಅಂತ ಇದು ಊಹೆ ಮಾಡ್ತೈತ್ರಿ. ಊಹೆ ಭಾಳ ಸರಿಯಾದ್ರ ಯಂತ್ರದ್ದು ಅಂತೈತಿ. ಊರಿನ ಬಗ್ಗೆ ನೂರು ಮಂದಿ ನೂರು ನಮೂನಿ ಬರೀತಾರ, ಅಲ್ಲಿ ಈ ಲೆಕ್ಕ ಒಂದಿಷ್ಟು ನಡೀತೈತಿ. ಅಲ್ಲೂ ತಪ್ಪತೈತಿ, ಆ ಮಾತು ಬ್ಯಾರೆ. ಆದ್ರ ಹದಿನೈದು ಸಾಲಿನ ಪ್ರೋಗ್ರಾಮು ಬರಿಯೂದು ನಾಕೈದು ನಮೂನಿ ಅಷ್ಟ. ಚಿಹ್ನೆ ಸೈತ ಜಾಗಾ ಬಿಟ್ಟು ಅಲ್ಲಾಡಂಗಿಲ್ಲ. ಯಾರು ಬರದ್ರೂ ಊಹೆಗೆ ಸಿಗ್ತೈತಿ. ಗುಂಡಗ ಬಡದ ರೊಟ್ಟಿ ನೋಡಿ ಯಾರ ಕೈದು ಅಂತ ಹೇಳ್ತೀರೇನ್ರಿ? ಪಲ್ಯಾ ತಿಂದ್ರ ಹೇಳಬಹುದು. ಈ ವಿಜಯಮಹಾಂತೇಶ ರೊಟ್ಟಿ ಹೊರಗಿಂದ ತಂದು, ಟಿಪ್ಪಣಿ ಅನ್ನೂ ಪಲ್ಯಾ ಅಷ್ಟ ತಾ ಮಾಡ್ಯಾನ. ನಿಮ್ಮ ತಂತ್ರಾಂಶ ಪಲ್ಯಾ ತಿಂದು ಸರ್ಟಿಫಿಕೇಟ್ ಕೊಟ್ಟೈತಿ.”

“ಮತ್ತ ಕಳ್ಳನ್ನ ಹಿಡಿಯೂದು ಹ್ಯಾಂಗ್ರಿ?”

“ಕೂಡಿಸಿ ಕೇಳೂದು. ಬರದ ಪ್ರೋಗ್ರಾಮು ಸ್ವಲ್ಪ ಬದಲ ಮಾಡು ಅನ್ನೂದು. ತಾ ಬರದಾಂವ ಎಲ್ಲಿ ಕೈ ಹಾಕಬೇಕು ಅಂತ ಬಲ್ಲ.”

ಮರುದಿನ ಲ್ಯಾಬಿನಲ್ಲಿ ಖುಶನುಮಾ, ವಿಜಯಮಹಾಂತೇಶ ಇಬ್ಬರನ್ನೂ ಕೂರಿಸಿದರು. ಹನಮಂತಪ್ಪನವರು ಹಿಂದೆ ಕೈ ಕಟ್ಟಿ ನಿಂತರು. ಸರ್ ಕೊಟ್ಟ ಕೆಲಸ ಇಷ್ಟೇ: ಒಂದು ಸುತ್ತಿನಲ್ಲಿ ಒಂದೂ ಅದಲು ಬದಲು ಆಗದಿದ್ದರೆ ಅಂಕಿಗಳು ಜೋಡಣೆಯಾದವು ಎಂದೇ ಅರ್ಥ, ಅಲ್ಲಿಗೆ ಪ್ರೋಗ್ರಾಮ್ ನಿಲ್ಲಬೇಕು.

ವಿಜಯಮಹಾಂತೇಶ ಪರದೆ ನೋಡಿದ, ಫ್ಯಾನ್ ನೋಡಿದ. ಯಾರೂ ಏನೂ ಕೇಳುವ ಮೊದಲೇ, ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಹಾಗೆ, “ಟಿಪ್ಪಣಿ ಖರೇನ ನಾನ ಬರದೇನ್ರಿ ಸರ್” ಎಂದ.

“ಅದು ಚೊಲೋನ ಐತಿ. ಪ್ರೋಗ್ರಾಮೂ ನೀನ ಬರಕೊಂಡು ಸೋಮವಾರ ಬಾ” ಎಂದರು ಸರ್.

ಖುಶನುಮಾ ಕೀಲಿಮಣೆ ಎಳೆದುಕೊಂಡಳು. ಟೈಪಿಸಿದಳು, ಎರರ್ ಬಂತು. ಒಂದು ಅರ್ಧವಿರಾಮ ಬಿಟ್ಟಿದ್ದಳು, ಹಾಕಿದಳು. ಇನ್ನೊಂದು ಎರರ್. ಹಣೆ ಬಡಿದುಕೊಂಡು ತಿದ್ದಿದಳು. ಆ ಎರರುಗಳನ್ನು ನೋಡಿ ರಾಚಯ್ಯ ಸರ್‌ಗೆ ಆದ ಆನಂದ ಅಷ್ಟಿಷ್ಟಲ್ಲ. ಕೊನೆಗೆ ಪ್ರೋಗ್ರಾಮ್ ಓಡಿತು, ನಿಲ್ಲಬೇಕಾದಲ್ಲಿ ನಿಂತಿತು. ವಾರ್ನಿಂಗೂ ಇರಲಿಲ್ಲ.

“ವಾರ್ನಿಂಗ್ ಎಲ್ಲಿ ಹೋತವಾ?” ಎಂದರು ಸರ್.

“ಹೊಸಾದು ಏನೂ ಬೇಕಾಗಲಿಲ್ರಿ ಸರ್. ಸುತ್ತಿನ ಮೊದಲ ಕೆ ಸೊನ್ನಿ ಇತ್ತಲ್ರಿ. ಅದಲ್ ಬದಲ್ ಆದಾಗ ಅದನ್ನ ಒಂದು ಮಾಡಿದೆ. ಸುತ್ತು ಮುಗದ ಮ್ಯಾಲೂ ಸೊನ್ನಿನ ಉಳದ್ರ ನಿಲ್ಲು ಅಂದೆ.” ಹುಡುಗಿ ತಡೆದು ಕೇಳಿದಳು: “ಕೆ ಇದಕ್ಕ ಇತ್ತಲ್ರಿ ಸರ್? ಉಳದ ಎರಡು ಸಾಲು ನೀವು ಬೇಕಂತ ಬಿಟ್ಟಿದ್ರೇನ್ರಿ?”

ರಾಚಯ್ಯ ಸರ್ ತಂದಿದ್ದ ಕೆಂಪು ನೋಟ್‌ಬುಕ್ಕಿನ ಆ ಪುಟ ತೆಗೆದು ನೋಡಿದರು. ಅದನ್ನು ಬರೆದುಕೊಂಡ ಬಾದಾಮಿಯ ತರಗತಿ ನೆನಪಾಯಿತು. ಗಂಟೆ ಬಾರಿಸಿತ್ತು, ಮುಂದಿನ ತಾಸಿನ ಮೇಷ್ಟ್ರು ಬಂದು ಬೋರ್ಡ್ ಒರೆಸಿಬಿಟ್ಟಿದ್ದರು. ಸಿಕ್ಕಷ್ಟು ಬರೆದುಕೊಂಡಿದ್ದ ರಾಚಯ್ಯ ಉಳಿದದ್ದನ್ನು ಯಾರನ್ನೂ ಕೇಳಿರಲಿಲ್ಲ. ಆ ಅರ್ಧ ಪ್ರೋಗ್ರಾಮನ್ನೇ ಇಪ್ಪತ್ತು ವರ್ಷ, ಸಾವಿರ ಹುಡುಗರಿಂದ ಬರೆಸಿದ್ದರು. ಅವರಿಗೆ ಬಹಳ ನಾಚಿಕೆಯಾಯಿತು.

ಹನಮಂತಪ್ಪನವರು ಅವಳ ಹೊಸ ಪ್ರೋಗ್ರಾಮನ್ನು ಅಲ್ಲೇ ತಂತ್ರಾಂಶಕ್ಕೆ ಹಾಕಿಸಿದರು. ತೊಂಬತ್ತೇಳು ಬಂತು. “ನನ್ನ ಕಣ್ಣ ಮುಂದ ಬರದಾಳಲ್ರಿ!” ಎಂದು ಅವರೇ ತಂತ್ರಾಂಶಕ್ಕೆ ಬೈದರು. ಸಹಿಗಾಗಿ ಇಟ್ಟಿದ್ದ ಇಂಟರ್ನಲ್ ಮಾರ್ಕ್ಸಿನ ಪಟ್ಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡರು.

“ಹಂಗಾದ್ರ ಈ ತರಗತಿಯೊಳಗ ತಿಳೀದ ನಕಲು ಹೊಡದಾವ್ರು ಯಾರ್ರಿ?” ಎಂದು ಕೇಳಿದರು.

“ಮೊದಲ ನನ್ನ ಹೆಸರು ಬರಕೊಳ್ರಿ” ಎಂದರು ರಾಚಯ್ಯ ಸರ್. ಕೆಂಪು ನೋಟ್‌ಬುಕ್ ತೆರೆದು ಖುಶನುಮಾಳ ಮುಂದೆ ಇಟ್ಟು, ಪೆನ್ ಕೊಟ್ಟರು. “ಆ ಎರಡು ಸಾಲು ಇದರಾಗ ಬರದು ಕೊಡವಾ.”